‘ಎರಡು ಭೂತಕಾಲ ಬರಬಾರದು’ ಎಂಬ ಸೂತ್ರ ಮತ್ತು ನಾವು ಸಹಿ ಮಾಡಿದ ಒಂದು ಉತ್ತರಸೂಚಿ

ಕಳೆದ ಅಭ್ಯಾಸ ಬೋಧನೆಯ ಅವಧಿಯಲ್ಲಿ ಒಂದು ಕನ್ನಡ ಮಾಧ್ಯಮ ಶಾಲೆಯ ಎಂಟನೆಯ ತರಗತಿಗೆ ನಮ್ಮ ಕಾಲೇಜಿನ ಪ್ರಶಿಕ್ಷಣಾರ್ಥಿಯೊಬ್ಬರು ಇಂಗ್ಲಿಷ್ ವ್ಯಾಕರಣದ ಪಾಠ ಮಾಡಿದರು. ವಿಷಯ ‘ಡಿಡ್’ ಮತ್ತು ‘ಡಸ್’ ಬಳಸಿ ನಿಷೇಧ ವಾಕ್ಯ ಹಾಗೂ ಪ್ರಶ್ನಾವಾಕ್ಯ ಮಾಡುವುದು. ಪಾಠ ಅಚ್ಚುಕಟ್ಟಾಗಿತ್ತು. ಕಪ್ಪುಹಲಗೆಯ ಮೇಲ್ಭಾಗದಲ್ಲಿ ಬಣ್ಣದ ಸೀಮೆಸುಣ್ಣದಿಂದ ಒಂದು ಸೂತ್ರ ಬರೆದಿದ್ದರು: ‘ಒಂದು ವಾಕ್ಯದಲ್ಲಿ ಎರಡು ಭೂತಕಾಲ ಬರಬಾರದು.’ ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾನು ವೀಕ್ಷಣಾ ಪುಸ್ತಕದಲ್ಲಿ ‘ನಿಯಮವನ್ನು ಸರಳವಾಗಿ ಮಂಡಿಸಿದ್ದಾರೆ’ ಎಂದು ಬರೆದೆ. ಪಾಠದ ಕೊನೆಗೆ ಕೊಡಲಿದ್ದ ಐದು ಅಂಕಗಳ ಕಿರುಪರೀಕ್ಷೆಯ ಪ್ರಶ್ನೆಗಳನ್ನೂ ಉತ್ತರಸೂಚಿಯನ್ನೂ ಹಿಂದಿನ ದಿನವೇ ನೋಡಿ ಸಹಿ ಹಾಕಿದ್ದೆ.

ಆ ಸಹಿ ತಪ್ಪಾಗಿತ್ತು. ಅದು ಹೇಗೆ ತಪ್ಪಾಯಿತು, ಈ ಬಗೆಯ ಪ್ರಶ್ನೆಗಳನ್ನು ಹೇಗೆ ತಯಾರಿಸಬೇಕು, ಹೇಗೆ ಅಳೆಯಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಓದಿನ ಅನುಕೂಲಕ್ಕಾಗಿ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇನೆ.

ಐದು ಪ್ರಶ್ನೆಗಳ ಕಿರುಪರೀಕ್ಷೆ

ಪ್ರತಿ ವಾಕ್ಯವನ್ನೂ ಗೆರೆ ಎಳೆದು ಭಾಗ ಮಾಡಲಾಗಿತ್ತು. ತಪ್ಪಿರುವ ಭಾಗವನ್ನು ಗುರುತಿಸಿ ಸರಿಪಡಿಸಬೇಕು; ತಪ್ಪಿಲ್ಲದಿದ್ದರೆ ‘ತಪ್ಪಿಲ್ಲ’ ಎಂದು ಬರೆಯಬೇಕು. ವಾಕ್ಯಗಳು ಇವು:

1. ಹಿ ಡಿಡ್ ನಾಟ್ / ವೆಂಟ್ / ಟು ದಿ ಮಾರ್ಕೆಟ್.
2. ಡಸ್ ಶಿ / ಸಿಂಗ್ಸ್ / ವೆಲ್?
3. ಡಿಡ್ ದೇ / ಕೇಮ್ / ಯೆಸ್ಟರ್‌ಡೇ?
4. ಮೈ ಫಾದರ್ / ಡಸ್ ನಾಟ್ / ಡ್ರಿಂಕ್ಸ್ / ಕಾಫಿ.
5. ಡಿಡ್ ಯು / ಸೀ / ಹೂ ವೆಂಟ್ / ಔಟ್?

ಐದನೆಯದಕ್ಕೆ ಉತ್ತರಸೂಚಿಯಲ್ಲಿ ‘ವೆಂಟ್ ತಪ್ಪು, ಗೋ ಎಂದಾಗಬೇಕು’ ಎಂದಿತ್ತು. ಡಿಡ್ ಒಂದು ಭೂತಕಾಲ, ವೆಂಟ್ ಇನ್ನೊಂದು ಭೂತಕಾಲ, ಸೂತ್ರದ ಪ್ರಕಾರ ಎರಡು ಬರಬಾರದು. ಆದರೆ ‘ಡಿಡ್ ಯು ಸೀ ಹೂ ವೆಂಟ್ ಔಟ್’ ಪೂರ್ತಿ ಸರಿಯಾದ ವಾಕ್ಯ. ‘ಹೂ ಗೋ ಔಟ್’ ಎಂದು ತಿದ್ದಿದರೇ ತಪ್ಪು.

ತರಗತಿಯಲ್ಲಿ ಒಬ್ಬ ಹುಡುಗಿ ಮೊದಲ ನಾಲ್ಕನ್ನು ತಿದ್ದಿ, ಐದನೆಯದರ ಮುಂದೆ ‘ತಪ್ಪಿಲ್ಲ’ ಎಂದು ಬರೆದಿದ್ದಳು. ಅಂಕ ಹೋಯಿತು. ಉತ್ತರಪತ್ರಿಕೆ ಕೈಗೆ ಬಂದಾಗ ಎದ್ದು ನಿಂತು ಕೇಳಿದಳು: “ಮೇಡಂ, ನೋಡಿದ್ದು ನಾನು, ಹೊರಗೆ ಹೋಗಿದ್ದು ಬೇರೆಯವರು ಅಲ್ವಾ? ಅವರು ಹೋದದ್ದು ಹೋದದ್ದೇ ತಾನೆ?” ಪ್ರಶಿಕ್ಷಣಾರ್ಥಿ ಹಲಗೆಯ ಮೇಲಿನ ಸೂತ್ರವನ್ನು ತೋರಿಸಿದರು. ಹುಡುಗಿ ಕೂತಳು. ಹಿಂದಿನ ಬೆಂಚಿನಲ್ಲಿದ್ದ ನನಗೆ ಆಗ ಎಚ್ಚರವಾಯಿತು.

ಅದೇ ವಾರ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅದೇ ಪರೀಕ್ಷೆಯಲ್ಲಿ ಐದಕ್ಕೆ ಐದು ಅಂಕ ಪಡೆದಿದ್ದ ಹುಡುಗನೊಬ್ಬ ರಜಾ ಅರ್ಜಿ ತಂದಿದ್ದ. ಅದರ ಎರಡನೆಯ ಸಾಲು: ‘ಐ ಡಿಡ್ ನಾಟ್ ಕೇಮ್ ಟು ಸ್ಕೂಲ್ ಯೆಸ್ಟರ್‌ಡೇ.’ ಪರೀಕ್ಷೆಯಲ್ಲಿ ಯಾವ ತಪ್ಪನ್ನು ತಪ್ಪದೆ ಹಿಡಿದಿದ್ದನೋ ಅದನ್ನೇ ಅರ್ಜಿಯಲ್ಲಿ ಬರೆದಿದ್ದ. ಒಟ್ಟಿನಲ್ಲಿ ವಿಷಯ ಅರ್ಥವಾಗಿದ್ದ ಹುಡುಗಿಗೆ ನಾಲ್ಕು ಅಂಕ, ಆಗದಿದ್ದ ಹುಡುಗನಿಗೆ ಐದು. ಅಳತೆಗೋಲೇ ತಿರುಗುಮುರುಗಾಗಿತ್ತು.

ತಪ್ಪು ಎಲ್ಲಿದೆ: ವಾಕ್ಯದಲ್ಲೋ, ಕ್ರಿಯೆಯಲ್ಲೋ?

ಇಂಗ್ಲಿಷಿನಲ್ಲಿ ಕಾಲವನ್ನು ಹೇಳುವ ಗುರುತು ಒಂದು ಕ್ರಿಯೆಗೆ ಒಂದೇ ಸಲ ಬರುತ್ತದೆ. ‘ಹಿ ವೆಂಟ್’ ಎಂದಾಗ ಅದು ಕ್ರಿಯಾಪದದೊಳಗೇ ಇದೆ. ‘ನಾಟ್’ ಸೇರಿಸಬೇಕಾದಾಗ ಅಥವಾ ಪ್ರಶ್ನೆ ಮಾಡಬೇಕಾದಾಗ ಇಂಗ್ಲಿಷಿಗೆ ‘ಡು’ ಎಂಬ ಸಹಾಯಕ ಕ್ರಿಯಾಪದ ಬೇಕಾಗುತ್ತದೆ. ಆಗ ಕಾಲದ ಗುರುತು ಮುಖ್ಯ ಕ್ರಿಯಾಪದವನ್ನು ಬಿಟ್ಟು ‘ಡು’ಗೆ ಹೋಗುತ್ತದೆ, ಡು ಎಂಬುದು ಡಿಡ್ ಆಗುತ್ತದೆ, ವೆಂಟ್ ಎಂಬುದು ಮೂಲರೂಪವಾದ ಗೋ ಆಗಿ ಉಳಿಯುತ್ತದೆ. ವರ್ತಮಾನದಲ್ಲಿಯೂ ಹೀಗೆಯೇ. ‘ಗೋಸ್’ನಲ್ಲಿರುವ ಎಸ್ ‘ಡಸ್’ಗೆ ದಾಟುತ್ತದೆ, ಗೋ ಬರಿದಾಗಿ ಉಳಿಯುತ್ತದೆ. ‘ಡಿಡ್ ನಾಟ್ ವೆಂಟ್’, ‘ಡಸ್ ಹಿ ಗೋಸ್’ ಎಂಬಲ್ಲಿ ಗುರುತು ದಾಟಿಯೂ ಇದೆ, ಹಳೆಯ ಜಾಗದಲ್ಲಿ ಉಳಿದೂ ಇದೆ. ದೋಷ ಇಷ್ಟೇ.

ಆದ್ದರಿಂದ ನಿಯಮ ಇರುವುದು ಡಿಡ್ ಮತ್ತು ಅದರದೇ ಕ್ರಿಯಾಪದದ ನಡುವೆ. ವಾಕ್ಯದಲ್ಲಿ ಒಟ್ಟು ಎಷ್ಟು ಭೂತಕಾಲಗಳಿವೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಡಿಡ್ ಯು ಸೀ ಹೂ ವೆಂಟ್ ಔಟ್’ ಎಂಬಲ್ಲಿ ಡಿಡ್‌ನ ಕ್ರಿಯಾಪದ ಸೀ, ಅದು ಮೂಲರೂಪದಲ್ಲೇ ಇದೆ. ವೆಂಟ್ ಬೇರೆಯವರ ಕ್ರಿಯೆ, ಬೇರೆ ಉಪವಾಕ್ಯದ್ದು. ಅದಕ್ಕೆ ಅದರದೇ ಕಾಲ ಬೇಕು. ‘ನೋಡಿದ್ದು ನಾನು, ಹೋಗಿದ್ದು ಬೇರೆಯವರು’ ಎಂದ ಹುಡುಗಿ ಇದನ್ನೇ ಹೇಳಿದ್ದಳು.

‘ಒಂದು ವಾಕ್ಯದಲ್ಲಿ ಎರಡು ಭೂತಕಾಲ ಬರಬಾರದು’ ಎಂಬ ಸೂತ್ರವನ್ನು ಪ್ರಶಿಕ್ಷಣಾರ್ಥಿ ತಾವಾಗಿ ಕಟ್ಟಿದ್ದಲ್ಲ. ತಮ್ಮ ಶಾಲೆಯ ದಿನಗಳಲ್ಲಿ ಕೇಳಿದ್ದರು. ನಾನೂ ಬೋಧನಾ ವಿಧಾನದ ತರಗತಿಯಲ್ಲಿ ಆ ಮಾತನ್ನು ಆಡಿದ್ದೇನೆ. ಅದು ಇಷ್ಟು ಕಾಲ ಬದುಕಿರುವುದಕ್ಕೆ ಕಾರಣ ಸ್ಪಷ್ಟ. ಪರೀಕ್ಷೆಯ ವಾಕ್ಯಗಳು ಚಿಕ್ಕವು. ಅವುಗಳಲ್ಲಿ ಒಂದೇ ಕ್ರಿಯೆ ಇರುತ್ತದೆ. ಒಂದೇ ಕ್ರಿಯೆಯ ವಾಕ್ಯದಲ್ಲಿ ತಪ್ಪು ಸೂತ್ರವೂ ಸರಿಯಾದ ಸೂತ್ರವೂ ಒಂದೇ ಉತ್ತರ ಕೊಡುತ್ತವೆ. ಎರಡು ಕ್ರಿಯೆಗಳ ವಾಕ್ಯ ಬಂದಾಗ ಮಾತ್ರ ದಾರಿ ಕವಲೊಡೆಯುತ್ತದೆ. ನಮ್ಮ ಐದನೆಯ ಪ್ರಶ್ನೆ, ಅರಿವಿಲ್ಲದೆ, ಆ ಕವಲಿಗೆ ಬಂದು ನಿಂತಿತ್ತು.

ಕನ್ನಡ ಇಲ್ಲಿ ಅಡ್ಡಿಯೋ ಸಹಾಯವೋ?

‘ಮಾತೃಭಾಷೆಯ ಪ್ರಭಾವದಿಂದ ಈ ತಪ್ಪು’ ಎಂದು ಪಾಠಯೋಜನೆಗಳಲ್ಲಿ ಬರೆಯುವ ರೂಢಿ ಇದೆ. ಇಂಗ್ಲಿಷನ್ನೇ ಮನೆಮಾತಾಗಿ ಕಲಿಯುವ ಮಕ್ಕಳು ಕೂಡ ಒಂದು ಹಂತದಲ್ಲಿ ‘ಡಿಡ್ ಹಿ ವೆಂಟ್’ ಎಂಬಂಥ ಮಾತುಗಳನ್ನು ಆಡುತ್ತಾರೆ. ಹಾಗಾಗಿ ಎಲ್ಲವನ್ನೂ ಕನ್ನಡದ ತಲೆಗೆ ಕಟ್ಟುವಂತಿಲ್ಲ. ಕನ್ನಡದ ವಾಕ್ಯರಚನೆಯನ್ನು ಹತ್ತಿರದಿಂದ ನೋಡಿದರೆ ನಿಷೇಧಕ್ಕೆ ಒಂದು ಉತ್ತರ, ಪ್ರಶ್ನೆಗೆ ಇನ್ನೊಂದು ಉತ್ತರ ಸಿಗುತ್ತದೆ.

ಮೊದಲು ನಿಷೇಧ. ‘ಅವನು ಹೋದನು’ ಎಂಬುದರ ನಿಷೇಧ ‘ಅವನು ಹೋಗಲಿಲ್ಲ’. ‘ಹೋದನು’ವಿನಲ್ಲಿದ್ದ ಭೂತಕಾಲದ ರೂಪ ಕ್ರಿಯಾಪದದಿಂದ ಹೊರಟುಹೋಗಿದೆ; ‘ಹೋಗಲ್’ ಎಂಬ ಕಾಲವಿಲ್ಲದ ರೂಪಕ್ಕೆ ‘ಇಲ್ಲ’ ಸೇರಿದೆ. ನಾನು, ನೀನು, ಅವಳು, ಅವರು ಯಾರೇ ಆದರೂ ‘ಹೋಗಲಿಲ್ಲ’ ಬದಲಾಗುವುದಿಲ್ಲ. ‘ಅವನು ಹೋದನು ಲಿಲ್ಲ’ ಎಂದು ಯಾವ ಮಗುವೂ ಹೇಳುವುದಿಲ್ಲ. ಅಂದರೆ ‘ಡಿಡ್ ನಾಟ್ ವೆಂಟ್’ನಲ್ಲಿ ಆಗುವ ತಪ್ಪನ್ನು ನಮ್ಮ ಮಕ್ಕಳು ತಮ್ಮ ಮಾತಿನಲ್ಲಿ ಮಾಡುವುದೇ ಇಲ್ಲ. ನಿಷೇಧದ ಮಟ್ಟಿಗೆ ಕನ್ನಡ ನಮ್ಮ ಕೈಯಲ್ಲಿರುವ ಒಳ್ಳೆಯ ಬೋಧನೋಪಕರಣ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಆಡುಮಾತಿನಲ್ಲಿ ‘ನಿನ್ನೆ ಅವನು ಬಂದಿಲ್ಲ’ ಎಂದೂ ಹೇಳುತ್ತೇವೆ. ‘ಬಂದಿಲ್ಲ’ದಲ್ಲಿ ‘ಬಂದು’ ಎಂಬ ಭೂತರೂಪ ಕಾಣಿಸುತ್ತದೆ. ಅದು ಇಂಗ್ಲಿಷಿನ ‘ಹ್ಯಾಸ್ ನಾಟ್ ಕಮ್’ಗೆ ಹತ್ತಿರದ್ದು. ಹೋಲಿಕೆಗೆ ಇದನ್ನು ತೆಗೆದುಕೊಂಡರೆ ಮಕ್ಕಳು ‘ಬಂದು’ವಿಗೆ ‘ಕೇಮ್’ ಎಂದು ಜೋಡಿಸಿಬಿಡುತ್ತಾರೆ. ತರಗತಿಯಲ್ಲಿ ‘ಬರಲಿಲ್ಲ’, ‘ತಿನ್ನಲಿಲ್ಲ’ ಎಂಬ ರೂಪಗಳನ್ನೇ ಹಿಡಿದುಕೊಳ್ಳಬೇಕು.

ಇನ್ನು ಪ್ರಶ್ನೆ. ‘ಅವನು ಹೋದನು’ ಎಂಬುದು ‘ಅವನು ಹೋದನಾ?’ ಆಗುತ್ತದೆ. ‘ಅವಳು ಹಾಡುತ್ತಾಳೆ’ ಎಂಬುದು ‘ಅವಳು ಹಾಡುತ್ತಾಳಾ?’ ಆಗುತ್ತದೆ. ಕ್ರಿಯಾಪದದ ಕಾಲವೂ ಲಿಂಗವಚನಗಳೂ ಹಾಗೆಯೇ ಇದ್ದು, ಕೊನೆಗೆ ‘ಆ’ ಮಾತ್ರ ಸೇರುತ್ತದೆ. ಹೀಗಿರುವಾಗ ಮಗು ಡಿಡ್, ಡಸ್‌ಗಳನ್ನು ಈ ‘ಆ’ದಂಥ ಪ್ರಶ್ನೆಯ ಗುರುತು ಎಂದು ತಿಳಿದು, ಅದನ್ನು ವಾಕ್ಯದ ಮುಂದೆ ಇಟ್ಟು, ಉಳಿದದ್ದನ್ನು ಮುಟ್ಟದೆ ಬಿಡುವುದು ಸಹಜ. ‘ಡಿಡ್ ಹಿ ವೆಂಟ್’, ‘ಡಸ್ ಶಿ ಸಿಂಗ್ಸ್’ ಎರಡೂ ಹೀಗೆ ಹುಟ್ಟಬಲ್ಲವು. ಪ್ರಶ್ನಾವಾಕ್ಯಗಳಲ್ಲಿ ಕನ್ನಡದ ಎಳೆತ ಇದೆ ಎನ್ನಲು ಆಧಾರವಿದೆ.

ಇದರಿಂದ ಪರೀಕ್ಷೆಗೆ ಒಂದು ಪಾಠ ಸಿಗುತ್ತದೆ. ನಿಷೇಧದ ಪ್ರಶ್ನೆಗಳನ್ನೂ ಪ್ರಶ್ನಾವಾಕ್ಯಗಳನ್ನೂ ಒಂದೇ ರಾಶಿಗೆ ಹಾಕಿ ಒಟ್ಟು ಅಂಕ ಕೊಟ್ಟರೆ, ಯಾವುದರಲ್ಲಿ ತೊಡಕು ಎಂಬುದು ಮುಚ್ಚಿಹೋಗುತ್ತದೆ. ಎರಡನ್ನೂ ಕೇಳಿ, ಆದರೆ ಎಣಿಸುವಾಗ ಬೇರೆ ಬೇರೆ ಎಣಿಸಿ.

ಮರುವಾರದ ಎಂಟು ವಾಕ್ಯಗಳು

ಪ್ರಶಿಕ್ಷಣಾರ್ಥಿ ಮತ್ತು ನಾನು ಕೂತು ನೈದಾನಿಕ ಪರೀಕ್ಷೆಯೊಂದನ್ನು ಹೊಸದಾಗಿ ತಯಾರಿಸಿದೆವು. ಎಂಟು ವಾಕ್ಯ, ನಾಲ್ಕು ಜೋಡಿ. ಒಂದೊಂದು ಜೋಡಿಗೂ ಒಂದು ಕೆಲಸ. ‘ಇವುಗಳಲ್ಲಿ ಕೆಲವು ಸರಿಯಾಗಿವೆ’ ಎಂದು ಸೂಚನೆಯಲ್ಲೇ ಬರೆದೆವು, ಏಕೆಂದರೆ ಪರೀಕ್ಷೆ ಎಂದ ಮೇಲೆ ಎಲ್ಲದರಲ್ಲೂ ತಪ್ಪಿರಲೇಬೇಕು ಎಂದು ಮಕ್ಕಳು ನಂಬುತ್ತಾರೆ. ಮಕ್ಕಳಿಗೆ ಕೊಟ್ಟ ಹಾಳೆಯಲ್ಲಿ ಈ ವಾಕ್ಯಗಳನ್ನು ಕಲಸಿ ಕೊಟ್ಟಿದ್ದೆವು. ಇಲ್ಲಿ ಜೋಡಿಯಾಗಿ ಬರೆಯುತ್ತೇನೆ.

ಮೊದಲ ಜೋಡಿ, ಚಿಕ್ಕ ವಾಕ್ಯ, ತಪ್ಪು ಇದೆ:
1. ಮೈ ಬ್ರದರ್ ಡಿಡ್ ನಾಟ್ ಬಾಟ್ ದಿ ಬುಕ್.
2. ಡಸ್ ಯುವರ್ ಮದರ್ ವರ್ಕ್ಸ್ ಇನ್ ದಿ ಫೀಲ್ಡ್?

ಎರಡನೆಯ ಜೋಡಿ, ಡಿಡ್ ಅಥವಾ ಡಸ್‌ಗೂ ಕ್ರಿಯಾಪದಕ್ಕೂ ನಡುವೆ ಅಂತರ ಇದೆ, ತಪ್ಪು ಇದೆ:
3. ಡಸ್ ದಿ ಓಲ್ಡ್ ಮ್ಯಾನ್ ನಿಯರ್ ದಿ ಟೆಂಪಲ್ ಸೆಲ್ಸ್ ಫ್ಲವರ್ಸ್?
4. ವೈ ಡಿಡ್ ದಿ ಬಾಯ್ಸ್ ಆಫ್ ಯುವರ್ ಕ್ಲಾಸ್ ಕೇಮ್ ಲೇಟ್?

ಮೂರನೆಯ ಜೋಡಿ, ಎರಡು ಕ್ರಿಯೆ, ತಪ್ಪಿಲ್ಲ:
5. ಶಿ ಡಿಡ್ ನಾಟ್ ಈಟ್ ವಾಟ್ ಹರ್ ಮದರ್ ಕುಕ್ಡ್.
6. ಡಸ್ ದಿ ಬಾಯ್ ಹೂ ಸಿಟ್ಸ್ ದೇರ್ ನೋ ಯು?

ನಾಲ್ಕನೆಯ ಜೋಡಿ, ಡಿಡ್ ಮತ್ತು ಡಸ್ ಸಹಾಯಕ ಅಲ್ಲ, ಅವೇ ಮುಖ್ಯ ಕ್ರಿಯಾಪದ, ತಪ್ಪಿಲ್ಲ:
7. ಶಿ ಡಿಡ್ ಹರ್ ಹೋಮ್‌ವರ್ಕ್ ಅಂಡ್ ವೆಂಟ್ ಟು ಬೆಡ್.
8. ಹಿ ಡಸ್ ಹಿಸ್ ವರ್ಕ್ ಅಂಡ್ ಗೋಸ್ ಹೋಮ್.

ಕೊನೆಯ ಎರಡು ಜೋಡಿಗಳು ಇಲ್ಲದಿದ್ದರೆ ಈ ಪರೀಕ್ಷೆಗೂ ಹಳೆಯದಕ್ಕೂ ವ್ಯತ್ಯಾಸವಿಲ್ಲ. ‘ಡಿಡ್ ಕಂಡರೆ ಮುಂದಿನ ಕ್ರಿಯಾಪದವನ್ನು ಬೋಳಿಸು’ ಎಂಬ ಯಾಂತ್ರಿಕ ಉಪಾಯವೊಂದರಿಂದಲೇ ಮೊದಲ ನಾಲ್ಕನ್ನೂ ಗೆಲ್ಲಬಹುದು. ಆ ಉಪಾಯ ಸೋಲುವುದು ಐದರಿಂದ ಎಂಟರವರೆಗಿನ ವಾಕ್ಯಗಳಲ್ಲಿ.

ಮೂರು ಉತ್ತರಪತ್ರಿಕೆಗಳು

ರಜಾ ಅರ್ಜಿ ಬರೆದ ಹುಡುಗ ಮೊದಲ ನಾಲ್ಕು ವಾಕ್ಯಗಳನ್ನು ಸರಿಯಾಗಿ ತಿದ್ದಿದ್ದ: ಬೈ, ವರ್ಕ್, ಸೆಲ್, ಕಮ್. ಐದನೆಯದರಲ್ಲಿ ಕುಕ್ಡ್ ಅನ್ನು ಕುಕ್ ಮಾಡಿದ್ದ. ಆರರಲ್ಲಿ ಸಿಟ್ಸ್ ಅನ್ನು ಸಿಟ್ ಮಾಡಿದ್ದ. ಏಳರಲ್ಲಿ ವೆಂಟ್ ಹೋಗಿ ಗೋ ಬಂದಿತ್ತು, ಎಂಟರಲ್ಲಿ ಗೋಸ್ ಹೋಗಿ ಗೋ. ಒಟ್ಟು ಎಂಟಕ್ಕೆ ನಾಲ್ಕು. ಹಲಗೆಯ ಮೇಲಿನ ಸೂತ್ರವನ್ನು ಅವನು ಚಾಚೂ ತಪ್ಪದೆ ಪಾಲಿಸಿದ್ದ. ಇಲ್ಲಿ ತಪ್ಪಿದ್ದು ಹುಡುಗನಲ್ಲ, ಸೂತ್ರ.

ಇನ್ನೊಬ್ಬ ಹುಡುಗ ಎಂಟೂ ವಾಕ್ಯಗಳ ಮುಂದೆ ‘ತಪ್ಪಿಲ್ಲ’ ಎಂದು ಬರೆದಿದ್ದ. ಅವನಿಗೂ ಎಂಟಕ್ಕೆ ನಾಲ್ಕೇ. ವಾಕ್ಯದ ಅರ್ಥ ತಿಳಿದರೆ ಸಾಕು ಎಂದು ಓದುವವನು ಅವನು; ರೂಪದ ಕಡೆ ಕಣ್ಣು ಹೋಗಿಲ್ಲ. ಒಟ್ಟು ಅಂಕ ಮಾತ್ರ ನೋಡಿದರೆ ಇವರಿಬ್ಬರೂ ಸಮ. ಆದರೆ ಒಬ್ಬನಿಗೆ ನಿಯಮದ ಗಡಿ ಕಲಿಸಬೇಕು, ಇನ್ನೊಬ್ಬನಿಗೆ ನಿಯಮವನ್ನೇ ಮೊದಲಿನಿಂದ ಕಲಿಸಬೇಕು. ಇಬ್ಬರನ್ನೂ ಒಂದೇ ಪರಿಹಾರ ಬೋಧನೆಯ ಗುಂಪಿಗೆ ಹಾಕಿದರೆ ಒಬ್ಬರ ಸಮಯ ವ್ಯರ್ಥ. ಆದ್ದರಿಂದ ನೈದಾನಿಕ ಪರೀಕ್ಷೆಯ ಅಂಕಪಟ್ಟಿಯಲ್ಲಿ ಒಟ್ಟು ಎಂಬ ಕಲಂ ಬದಲು ನಾಲ್ಕು ಜೋಡಿಗಳಿಗೆ ನಾಲ್ಕು ಕಲಂ ಹಾಕಿಕೊಳ್ಳಿ.

ಪ್ರಶ್ನೆ ಕೇಳಿದ್ದ ಹುಡುಗಿ ಏಳು ವಾಕ್ಯಗಳನ್ನು ಸರಿಯಾಗಿ ಮಾಡಿದ್ದಳು. ನಾಲ್ಕನೆಯದರಲ್ಲಿ ಕೇಮ್‌ಗೆ ಗೆರೆ ಎಳೆದು ‘ಕಮಿಂಗ್’ ಎಂದು ಬರೆದಿದ್ದಳು. ತಪ್ಪಿನ ಜಾಗ ಸಿಕ್ಕಿದೆ, ಬದಲಿಗೆ ಇಡಬೇಕಾದ ರೂಪ ಸಿಕ್ಕಿಲ್ಲ. ಗುರುತಿಸುವುದಕ್ಕೆ ಅರ್ಧ, ತಿದ್ದುವುದಕ್ಕೆ ಅರ್ಧ ಅಂಕ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದರಿಂದ ಅವಳ ಅರ್ಧ ಅಂಕ ಉಳಿಯಿತು. ಅದಕ್ಕಿಂತ ಮುಖ್ಯವಾಗಿ, ಅವಳಿಗೆ ಬೇಕಾದದ್ದು ಮೂಲರೂಪ ಎಂದರೇನು ಎಂಬ ಸಣ್ಣ ನೆನಪಷ್ಟೇ ಎಂದು ತಿಳಿಯಿತು. ತಪ್ಪು ಭಾಗದ ಅಕ್ಷರವನ್ನು ಮಾತ್ರ ಆರಿಸುವ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ. ಅಲ್ಲಿ ಅವಳಿಗೆ ಪೂರ್ತಿ ಅಂಕ ಸಿಗುತ್ತಿತ್ತು.

ಪ್ರಶ್ನೆಪತ್ರಿಕೆಯಿಂದ ದೂರ ಇಡಬೇಕಾದ ವಾಕ್ಯಗಳು

ಪ್ರಶ್ನೆ ತಯಾರಿಸುವಾಗ ಮೂರು ಬಗೆಯ ವಾಕ್ಯಗಳನ್ನು ನಾವು ಬಿಟ್ಟೆವು. ಮೊದಲನೆಯದು ‘ಹಿ ಡಿಡ್ ವೆಂಟ್’ ಎಂಬಂಥ ವಾಕ್ಯ. ನಾಟ್ ಇಲ್ಲ, ಪ್ರಶ್ನೆ ಅಲ್ಲ. ಇದನ್ನು ‘ಹಿ ವೆಂಟ್’ ಎಂದೂ ತಿದ್ದಬಹುದು, ಒತ್ತಿ ಹೇಳುವ ‘ಹಿ ಡಿಡ್ ಗೋ’ ಎಂದೂ ತಿದ್ದಬಹುದು. ಎರಡೂ ಸರಿ. ಉತ್ತರಸೂಚಿಯಲ್ಲಿ ಒಂದೇ ಇದ್ದರೆ ಮತ್ತೆ ಸರಿಯಾದ ಮಗುವಿನ ಅಂಕ ಹೋಗುತ್ತದೆ.

ಎರಡನೆಯದು ಪುಟ್, ಕಟ್, ಹಿಟ್‌ನಂಥ ಕ್ರಿಯಾಪದಗಳು. ಇವುಗಳ ಮೂಲರೂಪವೂ ಭೂತರೂಪವೂ ಒಂದೇ. ‘ಹಿ ಡಿಡ್ ನಾಟ್ ಪುಟ್ ಇಟ್ ದೇರ್’ ಎಂದು ಮಗು ಬರೆದರೆ ಅದರ ಮನಸ್ಸಿನಲ್ಲಿದ್ದದ್ದು ಯಾವ ಪುಟ್ ಎಂದು ಹೇಳಲಾಗದು. ಓದು ಎಂಬ ಅರ್ಥದ ‘ರೀಡ್’ ಇನ್ನೂ ವಿಚಿತ್ರ. ಭೂತಕಾಲದಲ್ಲಿ ಅದನ್ನು ರೆಡ್ ಎಂದು ಉಚ್ಚರಿಸಿದರೂ ಇಂಗ್ಲಿಷಿನಲ್ಲಿ ಬರೆಯುವಾಗ ಅಕ್ಷರಗಳು ಬದಲಾಗುವುದಿಲ್ಲ. ಬರಹದ ಪರೀಕ್ಷೆಯಲ್ಲಿ ಅದು ಏನನ್ನೂ ತೋರಿಸುವುದಿಲ್ಲ. ಬಾಯಿಪರೀಕ್ಷೆಯಲ್ಲಿ ‘ಡಿಡ್ ನಾಟ್ ರೆಡ್’ ಎಂದು ಕೇಳಿದರೆ ತಪ್ಪು ಬಯಲಾಗುತ್ತದೆ.

ಮೂರನೆಯದು ‘ಯೂಸ್ಡ್ ಟು’. ‘ಡಿಡ್ ನಾಟ್ ಯೂಸ್ ಟು’ ಎಂಬುದು ನಿಯಮಕ್ಕೆ ಹೊಂದುವ ಬರಹ. ಆದರೆ ಆಡುವಾಗ ‘ಯೂಸ್ ಟು’ಗೂ ‘ಯೂಸ್ಡ್ ಟು’ಗೂ ವ್ಯತ್ಯಾಸ ಕೇಳಿಸುವುದಿಲ್ಲ, ಇಂಗ್ಲಿಷರ ಬರಹದಲ್ಲೇ ಎರಡೂ ಕಾಣಿಸಿಕೊಳ್ಳುತ್ತವೆ. ಬಲ್ಲವರು ವಾದಿಸುವ ಜಾಗದಲ್ಲಿ ಎಂಟನೆಯ ತರಗತಿಯ ಮಗುವನ್ನು ನಿಲ್ಲಿಸುವುದು ಬೇಡ.

ಮಡಿಸಿದ ಪಟ್ಟಿ ಮತ್ತು ‘ಲಿಲ್ಲ’ದ ಪ್ರಶ್ನೆ

ಪರಿಹಾರ ಬೋಧನೆಗೆ ಪ್ರಶಿಕ್ಷಣಾರ್ಥಿ ಮಾಡಿಕೊಂಡ ಉಪಕರಣ ಬಹಳ ಅಗ್ಗದ್ದು. ಒಂದು ಗೇಣು ಉದ್ದದ ದಪ್ಪ ಕಾಗದದ ಪಟ್ಟಿಯನ್ನು ನಡುವೆ ಮಡಿಸಬೇಕು. ಮಡಿಸಿದಾಗ ಹೊರಗೆ ‘ವೆಂಟ್’ ಎಂದು ಕಾಣಬೇಕು. ಬಿಚ್ಚಿದರೆ ಒಳಗೆ ಎಡಕ್ಕೆ ‘ಡಿಡ್’, ಬಲಕ್ಕೆ ‘ಗೋ’. ಇನ್ನೊಂದು ಪಟ್ಟಿಯ ಹೊರಗೆ ‘ಗೋಸ್’, ಒಳಗೆ ‘ಡಸ್’ ಮತ್ತು ‘ಗೋ’. ಹೀಗೆ ಎಂಟು ಹತ್ತು ಕ್ರಿಯಾಪದಗಳಿಗೆ ಮಾಡಿಟ್ಟುಕೊಳ್ಳಬಹುದು.

‘ನಾಟ್’ ಬೇಕೆಂದರೆ ಪಟ್ಟಿಯನ್ನು ಬಿಚ್ಚಿ ಮಡಿಕೆಯ ಜಾಗದಲ್ಲಿ ನಾಟ್ ಚೀಟಿ ಇಡಬೇಕು. ಪ್ರಶ್ನೆ ಬೇಕೆಂದರೆ ಮಡಿಕೆಯಲ್ಲಿ ಕತ್ತರಿಸಿ ಡಿಡ್ ತುಂಡನ್ನು ಕರ್ತೃವಿನ ಮುಂದಕ್ಕೆ ಒಯ್ಯಬೇಕು. ಪಟ್ಟಿ ಮಡಿಸಿಯೂ ಬಿಚ್ಚಿಯೂ ಒಟ್ಟಿಗೆ ಇರಲಾರದು. ಡಿಡ್ ಹೊರಗೆ ಬಂದ ಮೇಲೆ ವೆಂಟ್ ಕಾಣಿಸುವಂತೆಯೇ ಇಲ್ಲ. ‘ಡಿಡ್ ನಾಟ್ ವೆಂಟ್’ ಎಂದು ಜೋಡಿಸಲು ಎರಡು ಪಟ್ಟಿ ಬೇಕಾಗುತ್ತದೆ, ಒಬ್ಬರ ಒಂದು ಕ್ರಿಯೆಗೆ ಸಿಗುವುದು ಒಂದೇ ಪಟ್ಟಿ. ‘ಡಿಡ್ ಯು ಸೀ ಹೂ ವೆಂಟ್ ಔಟ್’ಗೆ ಎರಡು ಪಟ್ಟಿ ನ್ಯಾಯವಾಗಿಯೇ ಸಿಗುತ್ತವೆ: ‘ಸಾ’ ಪಟ್ಟಿ ಬಿಚ್ಚಿ ಡಿಡ್, ಸೀ ಆಗಿದೆ, ವೆಂಟ್ ಪಟ್ಟಿ ಮಡಿಸಿದಂತೆಯೇ ಇದೆ.

ಈ ಪಟ್ಟಿಗೂ ಗಡಿಯಿದೆ. ‘ವಾಸ್’, ‘ಇಸ್’ ಪಟ್ಟಿಗಳು ಬಿಚ್ಚುವುದಿಲ್ಲ. ಅವು ಡಿಡ್‌ನ ನೆರವಿಲ್ಲದೆ ತಾವೇ ನಾಟ್ ಅನ್ನು ತೆಗೆದುಕೊಳ್ಳುತ್ತವೆ. ಅವುಗಳಿಗೆ ಮಡಿಕೆಯಿಲ್ಲದ ಗಟ್ಟಿ ಚೀಟಿ ಮಾಡಿ. ‘ನನ್ನ ಬಳಿ ಇತ್ತು’ ಎಂಬ ಅರ್ಥದ ‘ಹ್ಯಾಡ್’ ಮಾತ್ರ ಬಿಚ್ಚುತ್ತದೆ: ಡಿಡ್, ಹ್ಯಾವ್. ‘ಡಿಡ್ ನಾಟ್ ಹ್ಯಾಡ್’, ‘ಡಸ್ ಹಿ ಹ್ಯಾಸ್’ ಎಂಬ ತಪ್ಪುಗಳು ಹೆಚ್ಚಾಗಿ ಬರುವುದರಿಂದ ಆ ಪಟ್ಟಿಯನ್ನು ಮರೆಯಬೇಡಿ.

ಎರಡು ಕ್ರಿಯೆಗಳ ವಾಕ್ಯ ಬಂದಾಗ ಯಾವುದು ಡಿಡ್‌ನ ಕ್ರಿಯಾಪದ ಎಂದು ಮಗು ಹೇಗೆ ತಿಳಿಯಬೇಕು? ನಿಷೇಧ ವಾಕ್ಯಗಳಲ್ಲಿ ಕನ್ನಡ ನೆರವಿಗೆ ಬರುತ್ತದೆ. ಐದನೆಯ ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿ: ‘ಅಮ್ಮ ಮಾಡಿದ್ದನ್ನು ಅವಳು ತಿನ್ನಲಿಲ್ಲ.’ ಈಗ ಒಂದೇ ಪ್ರಶ್ನೆ: ‘ಲಿಲ್ಲ ಯಾವುದಕ್ಕೆ ಅಂಟಿದೆ?’ ತಿನ್ನುವುದಕ್ಕೆ. ಹಾಗಾದರೆ ಬರಿದಾಗಬೇಕಾದದ್ದು ಈಟ್. ‘ಮಾಡಿದ್ದು’ ಭೂತಕಾಲದಲ್ಲೇ ಇದೆ, ಆದ್ದರಿಂದ ಕುಕ್ಡ್ ಮುಟ್ಟಬೇಡ. ಪ್ರಶ್ನಾವಾಕ್ಯಕ್ಕೆ ‘ಆ ಯಾವುದಕ್ಕೆ ಅಂಟಿದೆ?’ ಎಂದು ಕೇಳಿ. ‘ಅಲ್ಲಿ ಕೂರುವ ಹುಡುಗನಿಗೆ ನೀನು ಗೊತ್ತಾ?’ ಎಂಬಲ್ಲಿ ‘ಆ’ ಇರುವುದು ಗೊತ್ತಿಗೆ, ಕೂರುವುದಕ್ಕಲ್ಲ. ಹಾಗಾಗಿ ಡಸ್‌ನ ಜೊತೆಗಾರ ನೋ, ಸಿಟ್ಸ್ ಅಲ್ಲ. ಆದರೆ ‘ಆ’ ಅಂಟಿದ ಕ್ರಿಯಾಪದ ಕನ್ನಡದಲ್ಲಿ ಬರಿದಾಗುವುದಿಲ್ಲ ಎಂಬುದು ನೆನಪಿರಲಿ. ಪ್ರಶ್ನೆಯಲ್ಲಿ ಕನ್ನಡ ಜೊತೆಗಾರ ಯಾರೆಂದು ತೋರಿಸುತ್ತದೆ, ಅದರ ರೂಪ ಏನೆಂದು ತೋರಿಸುವುದಿಲ್ಲ. ಆ ಕೆಲಸ ಪಟ್ಟಿಯದು.

ರಜಾ ಅರ್ಜಿಯ ಸಂಗತಿ

ಪರೀಕ್ಷೆಯಲ್ಲಿ ಹಿಡಿದ ತಪ್ಪನ್ನೇ ಅರ್ಜಿಯಲ್ಲಿ ಬರೆದ ಹುಡುಗನ ವಿಚಾರ ಉಳಿಯಿತು. ದೋಷ ಗುರುತಿಸುವಾಗ ‘ಇಲ್ಲಿ ಏನೋ ತಪ್ಪಿದೆ’ ಎಂಬ ಎಚ್ಚರದಲ್ಲಿ ಮಗು ಕೂತಿರುತ್ತದೆ. ಅರ್ಜಿ ಬರೆಯುವಾಗ ಗಮನವೆಲ್ಲ ಜ್ವರದ ಮೇಲೆ, ಮೇಷ್ಟ್ರು ಒಪ್ಪುವರೋ ಇಲ್ಲವೋ ಎಂಬುದರ ಮೇಲೆ. ‘ಯೆಸ್ಟರ್‌ಡೇ’ ಎಂದ ಕೂಡಲೇ ‘ಕೇಮ್’ ತಾನಾಗಿ ಬರುತ್ತದೆ. ದೋಷ ಗುರುತಿಸುವ ಪ್ರಶ್ನೆ ಮಗುವಿಗೆ ನಿಯಮ ಗೊತ್ತೇ ಎಂಬುದನ್ನು ಮಾತ್ರ ಹೇಳಬಲ್ಲದು. ಬರೆಯುವಾಗ ಅದು ಕೈಗೆ ಬರುತ್ತದೆಯೇ ಎಂಬುದನ್ನು ಹೇಳಲಾರದು.

ಅದಕ್ಕಾಗಿ ಪ್ರಶಿಕ್ಷಣಾರ್ಥಿ ಎರಡನೆಯ ಪರೀಕ್ಷೆಯ ಮರುದಿನ ಮಕ್ಕಳಿಂದ ‘ನಿನ್ನೆ ನಾನು ಮಾಡದೆ ಉಳಿದ ಕೆಲಸಗಳು’ ಎಂದು ಆರು ವಾಕ್ಯ ಬರೆಸಿದರು. ವಿಷಯವೇ ಹಾಗಿರುವುದರಿಂದ ಡಿಡ್ ನಾಟ್ ಬಾರದೆ ವಿಧಿಯಿಲ್ಲ. ತಿದ್ದುವಾಗ ತಪ್ಪಿನ ಪದಕ್ಕೆ ಕೆಂಪು ಗೆರೆ ಎಳೆಯಲಿಲ್ಲ. ತಪ್ಪಿರುವ ಸಾಲಿನ ಅಂಚಿನಲ್ಲಿ ಎಷ್ಟು ತಪ್ಪು ಎಂಬ ಅಂಕಿ ಮಾತ್ರ ಹಾಕಿ ವಾಪಸು ಕೊಟ್ಟರು. ಹುಡುಕುವುದು, ತಿದ್ದುವುದು, ಇಡೀ ವಾಕ್ಯವನ್ನು ಸರಿಯಾಗಿ ಮತ್ತೆ ಬರೆಯುವುದು ಮಕ್ಕಳ ಕೆಲಸ. ಬೇರೆಯವರು ಕಟ್ಟಿಕೊಟ್ಟ ತಪ್ಪಿಗಿಂತ ತಾವೇ ಮಾಡಿದ ತಪ್ಪನ್ನು ಹುಡುಕುವುದರಲ್ಲಿ ದೋಷ ಗುರುತಿಸುವ ಅಭ್ಯಾಸ ತನ್ನ ನಿಜವಾದ ಜಾಗಕ್ಕೆ ಬರುತ್ತದೆ. ಹಲಗೆಯ ಮೇಲಿನ ತಪ್ಪು ವಾಕ್ಯಗಳನ್ನು ಪಾಠ ಮುಗಿಯುವ ಮುನ್ನ ಅಳಿಸಿ, ಸರಿಯಾದವನ್ನು ಮಾತ್ರ ಉಳಿಸಿ ಎಂದೂ ಅವರಿಗೆ ಹೇಳಿದ್ದೆ, ಏಕೆಂದರೆ ಮಕ್ಕಳ ಕಣ್ಣಿನಲ್ಲಿ ಕೊನೆಗೆ ಉಳಿಯುವುದು ಹಲಗೆಯ ಮೇಲೆ ಉಳಿದದ್ದು.

ಮೊದಲ ಪರೀಕ್ಷೆಯ ಐದನೆಯ ಪ್ರಶ್ನೆಗೆ ಮತ್ತೆ ಬರುತ್ತೇನೆ. ಪ್ರಶಿಕ್ಷಣಾರ್ಥಿ ತರಗತಿಗೆ ಹೋಗಿ ಉತ್ತರಸೂಚಿ ತಪ್ಪಾಗಿತ್ತು ಎಂದು ಹೇಳಿ, ಹುಡುಗಿಯ ಅಂಕವನ್ನು ಸೇರಿಸಿದರು. ಹಲಗೆಯ ಸೂತ್ರವನ್ನು ಅಳಿಸಿ ‘ಡಿಡ್ ಜೊತೆಗಿನ ಕ್ರಿಯಾಪದ ಮೂಲರೂಪದಲ್ಲಿರಬೇಕು’ ಎಂದು ಬರೆದರು. ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದಿದ್ದ ಹೊಗಳಿಕೆಯ ಕೆಳಗೆ ‘ನಿಯಮ ತಪ್ಪು, ನಾನೂ ಗಮನಿಸಲಿಲ್ಲ’ ಎಂದು ದಿನಾಂಕ ಹಾಕಿ ಸೇರಿಸಿದೆ. ಈಗ ಇಂಥ ಉತ್ತರಸೂಚಿ ಬಂದಾಗ ಪ್ರತಿ ವಾಕ್ಯವನ್ನೂ ಒಮ್ಮೆ ಕನ್ನಡದಲ್ಲಿ ಹೇಳಿಕೊಂಡು, ಲಿಲ್ಲ ಅಥವಾ ಆ ಎಲ್ಲಿ ಅಂಟಿದೆ ಎಂದು ನೋಡಿ, ಆಮೇಲೆ ಸಹಿ ಹಾಕುತ್ತೇನೆ.